ಕೆರೆ ಅಂಗಳದಲ್ಲಿ ಬಸ್ ನಿಲ್ದಾಣ: ‘ಸಾರ್ವಜನಿಕ ಉದ್ದೇಶ’ ಅಂದ್ರೆ ಸಾಕಾ?

ಕೆರೆಕೋಡಿ

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯಿತಿ ಸದಸ್ಯ. ಊರಿನ ಹೆಸರು ಬೇಡ, ವಿಷಯ ಇನ್ನೂ ಬಿಸಿಯಾಗಿದೆ.

ನಮ್ಮ ಕೆರೆಯ ಅಂಗಳದಲ್ಲಿ ನಾಲ್ಕೂವರೆ ಎಕರೆ ಜಾಗವನ್ನು ಬಸ್ ನಿಲ್ದಾಣಕ್ಕೂ ಅದರ ಜೊತೆ ಒಂದು ವಾಣಿಜ್ಯ ಮಳಿಗೆಗೂ ಕೊಡುವ ಪ್ರಸ್ತಾವ ಬಂದಿದೆ. ಪಂಚಾಯಿತಿಯಿಂದ ‘ಆಕ್ಷೇಪಣೆ ಇಲ್ಲ’ ಅಂತ ನಿರ್ಣಯ ಕೇಳಿದ್ದಾರೆ. ಪಹಣಿಯಲ್ಲಿ ‘ಸರ್ಕಾರಿ ಕೆರೆ’ ಅಂತಲೇ ಇದೆ. ಆ ಭಾಗದಲ್ಲಿ ಏಳೆಂಟು ವರ್ಷದಿಂದ ನೀರು ನಿಂತಿಲ್ಲ ಅನ್ನೋದು ನಿಜ. ಸಭೆಯಲ್ಲಿ ನಾನು ಬೇಡ ಅಂದೆ. ಆಗ ಬಂದ ಉತ್ತರ: “ಕೆರೆ ಸರ್ಕಾರದ್ದು, ಬಸ್ ನಿಲ್ದಾಣ ಸಾರ್ವಜನಿಕರದ್ದು, ನಡುವೆ ನಿಮ್ಮದೇನು?”

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಬ್ಲಿಕ್ ಟ್ರಸ್ಟ್ ಅಂತ ಒಂದು ತತ್ವ ಇದೆ, ಅದರ ಪ್ರಕಾರ ಹೀಗೆ ಕೊಡೋಕೆ ಆಗೋದಿಲ್ಲ ಅಂತ ಸ್ನೇಹಿತರೊಬ್ಬರು ಹೇಳಿದರು. ನಿಜವಾಗಿ ಅದು ಅಧಿಕಾರಿಗಳ ಕೈಯನ್ನು ಎಷ್ಟು ಕಟ್ಟುತ್ತದೆ? ಮುಂದಿನ ಸಭೆಗೆ ಮೂರು ವಾರ ಇದೆ.

ಬಸವ_72

ಟ್ರಸ್ಟ್ ಮಾಡಿಕೊಂಡರೆ ಒಳ್ಳೆಯದೇ ಸರ್. ನಮ್ಮೂರಲ್ಲೂ ದೇವಸ್ಥಾನಕ್ಕೆ ಒಂದು ಮಾಡಿಸಿದ್ವಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ ಮಾಡಿಸಬೇಕು. ಟ್ರಸ್ಟಿಗಳ ಆಧಾರ್, ಫೋಟೋ ಬೇಕು. ಕೆರೆಯನ್ನು ಆ ಟ್ರಸ್ಟಿನ ಹೆಸರಿಗೆ ಬರೆಸಿಕೊಂಡರೆ ಯಾರೂ ಮುಟ್ಟಲ್ಲ.

ಶರಾವತಿ

ಬಸವ ಅವರೇ, ಇದು ಆ ಟ್ರಸ್ಟ್ ಅಲ್ಲ. ಇಲ್ಲಿ ಡೀಡ್ ಇಲ್ಲ, ನೋಂದಣಿಯೂ ಇಲ್ಲ. ಆದರೆ ನೀವು ಬಳಸಿದ ಪದದಿಂದಲೇ ವಿಷಯ ಅರ್ಥ ಮಾಡಿಕೊಳ್ಳಬಹುದು.

ಅಪ್ಪ ಅಮ್ಮ ಇಲ್ಲದ ಒಂದು ಮಗುವಿನ ಹೆಸರಲ್ಲಿ ಜಮೀನಿದೆ, ಚಿಕ್ಕಪ್ಪ ನೋಡಿಕೊಳ್ಳುತ್ತಾನೆ ಅಂದುಕೊಳ್ಳಿ. ಪತ್ರಗಳೆಲ್ಲ ಅವನ ಕೈಯಲ್ಲೇ ಇರುತ್ತವೆ, ಕಂದಾಯವನ್ನೂ ಅವನೇ ಕಟ್ಟುತ್ತಾನೆ. ಹಾಗಂತ ಅವನು ಅದನ್ನು ತನ್ನಿಷ್ಟಕ್ಕೆ ಮಾರುವ ಹಾಗಿಲ್ಲ. ಮಗುವಿನ ಹಿತಕ್ಕೆ ಇದು ಬೇಕಿತ್ತಾ ಅಂತ ಕೋರ್ಟ್ ಕೇಳುತ್ತದೆ. ಕೆರೆ, ನದಿ, ಕಾಡು, ಕಡಲ ದಂಡೆಯ ವಿಷಯದಲ್ಲಿ ಸರ್ಕಾರದ ಜಾಗ ಆ ಚಿಕ್ಕಪ್ಪನದು. ಪಹಣಿಯಲ್ಲಿ ‘ಸರ್ಕಾರಿ’ ಅಂತ ಇದ್ದರೆ ಯಾರ ಜವಾಬ್ದಾರಿಯಲ್ಲಿದೆ ಅನ್ನೋದು ಗೊತ್ತಾಗುತ್ತದೆ. ಅದನ್ನು ಏನು ಬೇಕಾದರೂ ಮಾಡಬಹುದು ಅನ್ನೋ ಅಧಿಕಾರ ಆ ಪದದಿಂದ ಬರಲ್ಲ.

ನಮ್ಮ ದೇಶದಲ್ಲಿ ಇದನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 1996ರ ಡಿಸೆಂಬರ್‌ನಲ್ಲಿ, ಬಿಯಾಸ್ ನದಿ ಪ್ರಕರಣದಲ್ಲಿ. ಕೆರೆಕೋಡಿ ಅವರಿಗೆ ಅದಕ್ಕಿಂತ ಹತ್ತಿರದ್ದು ತಿರುಪತಿಯ ಎರಡು ಕೆರೆಗಳ ತೀರ್ಪು. ರಾತ್ರಿ ಬಿಡುವು ಮಾಡಿಕೊಂಡು ಬರೆಯುತ್ತೇನೆ.

ನೇರನುಡಿ

ಇಷ್ಟೆಲ್ಲ ಯಾಕೆ? 2ಜಿ ಸ್ಪೆಕ್ಟ್ರಂ ತೀರ್ಪು ಇದೆಯಲ್ಲ. 2012ರ ಫೆಬ್ರವರಿಯಲ್ಲಿ 122 ಟೆಲಿಕಾಂ ಲೈಸೆನ್ಸ್ ರದ್ದಾದವು. ನೈಸರ್ಗಿಕ ಸಂಪತ್ತನ್ನು ಹರಾಜು ಹಾಕದೆ ಕೊಡಬಾರದು ಅಂತ ಕೋರ್ಟ್ ಹೇಳಿಬಿಟ್ಟಿದೆ. ಈ ಬಸ್ ನಿಲ್ದಾಣದ ಮಳಿಗೆಗೆ ಹರಾಜು ಆಗಿದೆಯಾ ಕೇಳಿ. ಆಗಿಲ್ಲ ಅಂದ್ರೆ ಕೇಸ್ ಗೆದ್ದ ಹಾಗೆ.

ಶರಾವತಿ

ನೇರನುಡಿ ಅವರೇ, ಅರ್ಧ ಸರಿ. 122 ಲೈಸೆನ್ಸ್ ರದ್ದಾಗಿದ್ದು ನಿಜ. ಆ ತೀರ್ಪಿನಲ್ಲಿ ಪಬ್ಲಿಕ್ ಟ್ರಸ್ಟ್ ಮಾತು ಬಂದಿದ್ದೂ ನಿಜ. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಯವರು ಕೇಳಿದ ಪ್ರಶ್ನೆಗೆ ಐವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು. ಎಲ್ಲ ಸಂಪತ್ತಿಗೂ ಹರಾಜೊಂದೇ ದಾರಿ ಅಂತ ಸಂವಿಧಾನ ಹೇಳುವುದಿಲ್ಲ, ಬೇರೆ ದಾರಿಯೂ ಇರಬಹುದು, ಆದರೆ ಅದು ಮನಸ್ಸಿಗೆ ಬಂದಂತೆ ಇರಬಾರದು ಅಂತ ಹೇಳಿತು.

ಇನ್ನೊಂದು ಮುಖ್ಯ ಮಾತಿದೆ. ಹರಾಜಿನ ವಾದ ಹಿಡಿದರೆ ಕೆರೆಗೆ ಹಾನಿಯೇ. ಸ್ಪೆಕ್ಟ್ರಂ ಯಾರಿಗಾದರೂ ಹೋಗಬೇಕಾದ್ದೇ, ಅಲ್ಲಿ ಜಗಳ ಬೆಲೆಯದು ಮತ್ತು ವಿಧಾನದ್ದು. ಕೆರೆ ಅಂಗಳದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇದು ಕೈಬಿಟ್ಟು ಹೋಗಬೇಕಾ ಅನ್ನೋದು. ‘ಹರಾಜು ಆಗಿಲ್ಲ’ ಅಂತ ನೀವು ವಾದಿಸಿದರೆ, ‘ಸರಿ, ಹರಾಜು ಹಾಕ್ತೀವಿ’ ಅಂತ ಉತ್ತರ ಬರುತ್ತದೆ. ಆಗ ಏನು ಹೇಳ್ತೀರಿ?

ಕಡತದವನು

ನಾನು ಕಂದಾಯ ಇಲಾಖೆಯಲ್ಲೇ ಇರೋದು. ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ಕಡೆಯನ್ನೂ ಹೇಳಲೇಬೇಕು.

ಆಸ್ಪತ್ರೆಗೆ ಜಾಗ ಕೊಡಿ, ಶಾಲೆಗೆ ಕೊಡಿ, ಮನೆ ಇಲ್ಲದವರಿಗೆ ನಿವೇಶನ ಕೊಡಿ ಅಂತ ಎಲ್ಲರೂ ಬರುತ್ತಾರೆ. ಗೋಮಾಳ ಮುಗಿದಿದೆ. ಖಾಸಗಿ ಜಮೀನು ಕೊಳ್ಳಲು ದುಡ್ಡಿಲ್ಲ. ಉಳಿದಿರುವುದು ಬತ್ತಿದ ಕೆರೆಗಳೇ. ಖಾಸಗಿಯವರಿಗೆ ಕೊಟ್ಟರೆ ತಪ್ಪು, ಒಪ್ಪುತ್ತೇನೆ. ಸರ್ಕಾರದ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ, ಜನರ ಬಳಕೆಗೇ ಹೋದರೆ ಅದು ಹೇಗೆ ನಂಬಿಕೆದ್ರೋಹ ಆಗುತ್ತದೆ? ಟ್ರಸ್ಟ್ ಜನರಿಗಾಗಿ ಅಂದಮೇಲೆ ಬಸ್ ಹತ್ತುವವರೂ ಜನರೇ ಅಲ್ವಾ?

ಕೆರೆಕೋಡಿ

ಇದೇ, ಸಭೆಯಲ್ಲಿ ನನ್ನ ಬಾಯಿ ಕಟ್ಟಿಸಿದ ಮಾತು ಇದೇ. ಕೇಳಿದ್ದಕ್ಕೆ ಥ್ಯಾಂಕ್ಸ್.

ಶರಾವತಿ

ಕಡತದವರ ಪ್ರಶ್ನೆ ನ್ಯಾಯವಾದದ್ದು. ತಿರುಪತಿಯ ಪ್ರಕರಣದಲ್ಲಿ ಎದ್ದಿದ್ದೂ ಇದೇ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ತಿರುಪತಿ ಪಕ್ಕದಲ್ಲಿ ಅವಿಲಾಲ ಮತ್ತು ಪೇರೂರು ಅಂತ ಎರಡು ಹಳೆಯ ಕೆರೆಗಳು. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಆಂಧ್ರ ಸರ್ಕಾರ ಆದೇಶ ಹೊರಡಿಸಿ ಆ ಕೆರೆ ಅಂಗಳಗಳನ್ನು ವಸತಿಗೆ ಕೊಟ್ಟಿತು. ಪೇರೂರಿನಲ್ಲಿ 150 ಎಕರೆ ಹೋಗಿದ್ದು ತಿರುಮಲ ತಿರುಪತಿ ದೇವಸ್ಥಾನಕ್ಕೆ. ಗಮನಿಸಿ, ಇಲ್ಲಿ ರೆಸಾರ್ಟ್ ಇಲ್ಲ, ಬಿಲ್ಡರ್ ಇಲ್ಲ. ಜನರು ವಾಸ ಮಾಡುವ ಮನೆಗಳು. ಊರಿನ ಒಂದು ವೇದಿಕೆಯವರು ಹೈಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. ಕೆರೆಗಳು ಬಳಕೆ ತಪ್ಪಿವೆ ಅನ್ನುವ ವಾದವೂ ಅಲ್ಲಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2006ರ ಫೆಬ್ರವರಿಯಲ್ಲಿ ತೀರ್ಪು ಬಂತು.

ಆ ತೀರ್ಪು ಅಮೆರಿಕದ ಪ್ರೊಫೆಸರ್ ಜೋಸೆಫ್ ಸ್ಯಾಕ್ಸ್ ಗುರುತಿಸಿದ ಮೂರು ಕಟ್ಟುಗಳನ್ನು ಮುಂದಿಟ್ಟಿತು. ಆಸ್ತಿ ಸಾರ್ವಜನಿಕ ಉದ್ದೇಶಕ್ಕೆ ಬಳಕೆಯಾದರಷ್ಟೇ ಸಾಲದು, ಎಲ್ಲ ಜನರಿಗೂ ಸಿಗುವ ಹಾಗೆ ಉಳಿದಿರಬೇಕು. ಸರಿಯಾದ ಬೆಲೆ ಬಂದರೂ ಮಾರುವ ಹಾಗಿಲ್ಲ. ಮತ್ತು ಆ ಆಸ್ತಿ ಯಾವ ಬಗೆಯ ಬಳಕೆಗೆ ಇದೆಯೋ ಆ ಬಗೆಗೇ ಉಳಿಯಬೇಕು. ನೇರನುಡಿ ಅವರಿಗೆ ಉತ್ತರ ಎರಡನೆಯದರಲ್ಲಿದೆ. ಕಡತದವರಿಗೆ ಉತ್ತರ ಮೊದಲನೆಯದರಲ್ಲಿ ಮತ್ತು ಮೂರನೆಯದರಲ್ಲಿದೆ. ಬಸ್ ಹತ್ತುವವರೂ ಜನರೇ. ಆದರೆ ಈ ಟ್ರಸ್ಟ್ ಇರುವುದು ನೀರಿಗಾಗಿ. ಕೆರೆಯ ಫಲಾನುಭವಿಗಳು ಅಂದ್ರೆ ಅಚ್ಚುಕಟ್ಟಿನ ರೈತರು, ಸುತ್ತಲಿನ ಬಾವಿಗಳನ್ನು ನಂಬಿದವರು, ದನ ನೀರಿಗೆ ಹೊಡೆಯುವವರು, ಇನ್ನೂ ಹುಟ್ಟದ ಮಕ್ಕಳು. ಅವರ ಪಾಲನ್ನು ತೆಗೆದು ಬೇರೆ ಜನರಿಗೆ ಕೊಟ್ಟರೆ, ಕೊಟ್ಟಿದ್ದು ಜನರಿಗೇ ಅನ್ನುವ ಕಾರಣಕ್ಕೆ ಸರಿಯಾಗುವುದಿಲ್ಲ. ಅಭಿವೃದ್ಧಿ ಮಾಡುತ್ತೇವೆ ಅಂತ ಹೇಳಿದ ಮಾತ್ರಕ್ಕೆ ಊರಿನ ನೀರಿನ ಆಸರೆಯನ್ನು ನಾಶ ಮಾಡಲು ಒಪ್ಪಿಗೆ ಸಿಗುವುದಿಲ್ಲ ಅನ್ನುವುದು ಆ ತೀರ್ಪಿನ ತಿರುಳು.

ಈಗ ಕಹಿ ಭಾಗ. ಮನೆಗಳನ್ನು ಕೆಡವಲು ಕೋರ್ಟ್ ಹೇಳಲಿಲ್ಲ. ಅಷ್ಟು ಹೊತ್ತಿಗೆ ಕಟ್ಟಿಯಾಗಿತ್ತು, ಹಣ ಖರ್ಚಾಗಿತ್ತು. ಮುಂದೆ ಹೊಸದಾಗಿ ಕಟ್ಟಬೇಡಿ ಅಂತು. ಪೇರೂರಿಗೆ ನೀರು ತರುತ್ತಿದ್ದ ಹಳ್ಳದ ಕಾಲುವೆಯನ್ನು ಬಿಡಿಸಿ ಅಂತು. ಇಂಗು ಕೆರೆ ಮಾಡಿ, ಕಟ್ಟಿರುವ ಪ್ರತಿ ಮನೆಗೂ ಮಳೆನೀರು ಕೊಯ್ಲು ಹಾಕಿಸಿ, ಅಲ್ಲಿ ಕೊಳವೆಬಾವಿ ತೋಡಬೇಡಿ ಅಂತು. ತತ್ವ ಗೆದ್ದಿತು, ಅಂಗಳದ ಒಂದು ಭಾಗ ಹೋಯಿತು. ಈ ತೀರ್ಪನ್ನು ಓದಿದಾಗೆಲ್ಲ ನನಗೆ ಅನ್ನಿಸೋದು ಒಂದೇ: 2006ರಲ್ಲಿ ಸಿಕ್ಕ ಮಾತು ಮೊದಲ ಇಟ್ಟಿಗೆ ಇಡುವ ಮುಂಚೆ ಸಿಕ್ಕಿದ್ದರೆ! ಕೆರೆಕೋಡಿ ಅವರೇ, ನಿಮಗೆ ಈಗ ಆ ಸಮಯ ಇದೆ. ನಿರ್ಣಯ ಇನ್ನೂ ಪಾಸಾಗಿಲ್ಲ.

ಹಳೇ ಸರಪಳಿ

ನಾನು ಭೂಮಾಪನ ಇಲಾಖೆಯಿಂದ ನಿವೃತ್ತ. ಕಾನೂನು ಮೇಡಂಗೆ ಬಿಡ್ತೀನಿ. ಒಂದು ಪ್ರಶ್ನೆ ಕೇಳಬೇಕು. ಏಳೆಂಟು ವರ್ಷದಿಂದ ಆ ಭಾಗದಲ್ಲಿ ನೀರು ನಿಂತಿಲ್ಲ ಅಂದ್ರಲ್ಲ, ಉಳಿದ ಭಾಗದಲ್ಲಿ ನಿಲ್ಲುತ್ತಾ? ಮಳೆಗಾಲದಲ್ಲಿ ಕೋಡಿ ಬೀಳುತ್ತಾ?

ಕೆರೆಕೋಡಿ

ಹೌದು ಸರ್, ಕಳೆದ ಎರಡು ವರ್ಷವೂ ಕೋಡಿ ಬಿದ್ದಿದೆ. ಏರಿ ಕಡೆ ನೀರು ಚೆನ್ನಾಗಿ ನಿಲ್ಲುತ್ತದೆ. ಮೇಲಿನ ಅಂಗಳಕ್ಕೆ ಬರಲ್ಲ.

ಹಳೇ ಸರಪಳಿ

ಹಾಗಾದ್ರೆ ಕೋಡಿ ಹತ್ತಿರ ಹೋಗಿ ನೋಡಿ.

ಕೆರೆ ಎಲ್ಲಿವರೆಗೆ ಅನ್ನೋದನ್ನು ನಿರ್ಧರಿಸುವುದು ಕೋಡಿಯ ಮಟ್ಟ. ಕೋಡಿ ಕಲ್ಲಿನ ನೆತ್ತಿ ಎಷ್ಟು ಎತ್ತರ ಇದೆಯೋ, ಅದೇ ಎತ್ತರದಲ್ಲಿ ಅಂಗಳದ ಸುತ್ತ ಗೆರೆ ಎಳೆದರೆ ಅದು ಪೂರ್ಣ ನೀರಿನ ಅಂಚು. ಅಂಗಳ ಅಂದ್ರೆ ತಟ್ಟೆಯ ಹಾಗೆ, ತುಂಬಾ ನಿಧಾನವಾಗಿ ಏರುತ್ತದೆ. 100 ಮೀಟರ್ ನಡೆದರೆ 1 ಮೀಟರ್ ಏರಿಕೆ ಅಂತಿಟ್ಟುಕೊಳ್ಳಿ. ಯಾರಾದರೂ ಕೋಡಿಯ ಮೇಲಿನ ಎರಡು ಸಾಲು ಕಲ್ಲು ಕಿತ್ತರೆ, ಅಥವಾ ಕೋಡಿಯಲ್ಲಿ 60 ಸೆಂಟಿಮೀಟರ್ ಆಳದ ಸೀಳು ಬಿಟ್ಟರೆ, ನೀರಿನ ಅಂಚು 60 ಮೀಟರ್ ಹಿಂದಕ್ಕೆ ಬರುತ್ತದೆ. ಅಂಗಳದ ಆ ಅಂಚಿನ ಉದ್ದ 300 ಮೀಟರ್ ಇದ್ದರೆ, 18,000 ಚದರ ಮೀಟರ್ ಒಣಗುತ್ತದೆ. ಅಂದ್ರೆ ಹತ್ತಿರ ಹತ್ತಿರ ನಾಲ್ಕೂವರೆ ಎಕರೆ.

ಕೆರೆ ತುಂಬುತ್ತಲೇ ಇರುತ್ತದೆ, ಕೋಡಿಯೂ ಬೀಳುತ್ತದೆ, ಯಾರಿಗೂ ಅನುಮಾನ ಬರಲ್ಲ. ಹತ್ತು ವರ್ಷದ ಮೇಲೆ ‘ಈ ಭಾಗ ಕೆರೆಯ ಸ್ವರೂಪ ಕಳೆದುಕೊಂಡಿದೆ’ ಅಂತ ಒಂದು ವರದಿ ಬರುತ್ತದೆ. ಇದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಣ್ಣಾರೆ ಕಂಡಿದ್ದೇನೆ. ವರದಿ ಬರೆದವನು ಸುಳ್ಳು ಬರೆದಿರಲ್ಲ, ಜಾಗ ಒಣಗಿಯೇ ಇರುತ್ತದೆ. ಒಣಗಿದ್ದು ಯಾಕೆ ಅಂತ ಯಾರೂ ಕೇಳಿರಲ್ಲ ಅಷ್ಟೇ.

ಕಿತ್ತಿದ್ದರೆ ಗುರುತು ಸಿಗುತ್ತದೆ. ಹಳೆಯ ಗಾರೆಯ ಕಲೆ, ಎರಡೂ ಬದಿಯ ರೆಕ್ಕೆ ಗೋಡೆ ಕೋಡಿಗಿಂತ ಅಸಹಜವಾಗಿ ಎತ್ತರ ಇರೋದು, ಕೆಳಗೆ ಹಳ್ಳದಲ್ಲಿ ಬಿದ್ದ ಚಪ್ಪಡಿಗಳು. ಜೊತೆಗೆ ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಕೆರೆಯ ಗಡಿ ಯಾವ ಸರ್ವೆ ನಂಬರಿನ ತನಕ ಬರೆದಿದೆ ನೋಡಿ. ರಾಜಕಾಲುವೆ ‘ಬಿ’ ಖರಾಬಿನಲ್ಲಿ, ಅಂದ್ರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗದಲ್ಲಿ, ಇದೆಯಾ ಅದನ್ನೂ ನೋಡಿ.

ಬಸವ_72

ಶರಾವತಿ ಮೇಡಂ, ಚಿಕ್ಕಪ್ಪನ ಉದಾಹರಣೆ ಚೆನ್ನಾಗಿ ಅರ್ಥ ಆಯ್ತು. ನಂದೊಂದು ಕೇಳಲಾ? ನಮ್ಮ ತೋಟದ ಪಕ್ಕದವರು ಮೂರು ಕೊಳವೆಬಾವಿ ಕೊರೆಸಿ ಟ್ಯಾಂಕರ್‌ಗೆ ನೀರು ಮಾರುತ್ತಾರೆ. ನಮ್ಮ ಬಾವಿ ಬತ್ತಿಹೋಯ್ತು. ಅಡಿಕೆ ಮರ ಒಣಗಿ ನಿಂತಿವೆ. ನೆಲದ ಕೆಳಗಿನ ನೀರಿಗೂ ಸರ್ಕಾರವೇ ಟ್ರಸ್ಟಿ ಆದ್ರೆ, ಅವರನ್ನು ನಿಲ್ಲಿಸಬೇಕಾದ್ದು ಅಧಿಕಾರಿಗಳ ಕರ್ತವ್ಯ ಅಲ್ವಾ?

ಶರಾವತಿ

ಬಸವಣ್ಣ, ನಿಮ್ಮ ಅಡಿಕೆ ಮರಗಳ ವಿಷಯ ಓದಿ ಸಂಕಟ ಆಯ್ತು. ಸರಿಯಾದ ಪ್ರಶ್ನೆ. ಆದರೆ ಇದಕ್ಕೆ ನಮ್ಮ ಕೋರ್ಟುಗಳು ಇನ್ನೂ ಒಂದೇ ಮಾತಿನ ಉತ್ತರ ಕೊಟ್ಟಿಲ್ಲ.

ಕೇರಳದ ಪ್ಲಾಚಿಮಡದಲ್ಲಿ ತಂಪು ಪಾನೀಯದ ಕಾರ್ಖಾನೆಗೆ ಪೆರುಮಟ್ಟಿ ಪಂಚಾಯಿತಿ ಲೈಸೆನ್ಸ್ ನಿರಾಕರಿಸಿತು. 2003ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ನೀವು ಹೇಳಿದ ಮಾತನ್ನೇ ಹೇಳಿತು. ಅಂತರ್ಜಲ ಎಲ್ಲರ ಸೊತ್ತು, ಸರ್ಕಾರ ಅದರ ಟ್ರಸ್ಟಿ, ಅತಿಯಾಗಿ ಎತ್ತುವುದನ್ನು ತಡೆಯಬೇಕು ಅಂತ. 2005ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ಜಮೀನಿನ ಮಾಲೀಕನಿಗೆ ಕೆಳಗಿನ ನೀರನ್ನು ಎತ್ತುವ ಹಕ್ಕಿದೆ ಅಂತ ಹೇಳಿ, ದಿನಕ್ಕೆ 5 ಲಕ್ಷ ಲೀಟರ್ ತನಕ ಬಿಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ 2017ರಲ್ಲಿ ಕಂಪನಿಯೇ ಕಾರ್ಖಾನೆ ಮತ್ತೆ ತೆರೆಯುವುದಿಲ್ಲ ಅಂದಿದ್ದರಿಂದ ಮೂಲ ಪ್ರಶ್ನೆ ತೀರ್ಮಾನವಾಗದೆ ಮುಗಿಯಿತು.

ಹಾಗಾಗಿ ನಿಮ್ಮ ವಿಷಯದಲ್ಲಿ ಬರೀ ಈ ತತ್ವವನ್ನು ನಂಬಬೇಡಿ. ಕರ್ನಾಟಕದ ಅಂತರ್ಜಲ ಕಾನೂನಿನಲ್ಲಿ ಅನುಮತಿ ತೆಗೆದುಕೊಂಡಿದ್ದಾರಾ ಅನ್ನುವುದರಿಂದ ಶುರು ಮಾಡಿ. ತತ್ವವನ್ನು ಅದರ ಬೆನ್ನಿಗೆ ಇಡಬಹುದು.

ಕಾಡಂಚು

ಇಲ್ಲಿ ಎಲ್ಲರೂ ಟ್ರಸ್ಟಿ ಟ್ರಸ್ಟಿ ಅಂತಿದ್ದೀರಿ. ನನಗೆ ಆ ಪದ ಕೇಳಿದರೆ ಸ್ವಲ್ಪ ಭಯ.

ನಮ್ಮದು ಕಾಡಿನಂಚಿನ ಹಾಡಿ. ಅಜ್ಜನ ಕಾಲದಿಂದ ಜೇನು, ಸೀಗೆ, ಬಿದಿರು ತಂದು ಬದುಕಿದವರು. ನಮ್ಮನ್ನು ಹೊರಗೆ ಹಾಕುವಾಗಲೂ ‘ಕಾಡು ದೇಶದ ಸೊತ್ತು, ನಾವು ಕಾಯುವವರು’ ಅಂತಲೇ ಹೇಳಿದ್ದರು. ಕಾಯುವವನೇ ಫಲಾನುಭವಿಯನ್ನು ಆಚೆ ಹಾಕಿದರೆ ಆ ಟ್ರಸ್ಟಿಗೆ ಏನು ಅರ್ಥ? ಕೆರೆ ವಿಷಯದಲ್ಲಿ ಸರಿ ಇರಬಹುದು. ಕಾಡಿನ ವಿಷಯದಲ್ಲಿ ಈ ತತ್ವ ಇಲಾಖೆಯ ಕೈಗೆ ಇನ್ನೊಂದು ಲಾಠಿ ಕೊಟ್ಟ ಹಾಗೆ.

ನೇರನುಡಿ

ಕಾಡಂಚು ಅವರೇ, ಹಾಗೆ ಬಿಟ್ಟರೆ ಎಲ್ಲರೂ ಒತ್ತುವರಿ ಮಾಡ್ತಾರೆ. ಕಾಡು ಉಳಿಯಬೇಕಾದ್ರೆ ಯಾರೋ ಒಬ್ಬರು ಕಟ್ಟುನಿಟ್ಟು ಮಾಡಲೇಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇದೆ, ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಿನ ಜಾಗವನ್ನು ಸಾಮಾನ್ಯವಾಗಿ ಬೇರೆ ಕೆಲಸಕ್ಕೆ ಕೊಡುವ ಹಾಗಿಲ್ಲ. ಅಷ್ಟು ಸಾಕು.

ಶರಾವತಿ

ಕೇಂದ್ರದ ಒಪ್ಪಿಗೆ ಸಾಕಾ ಅನ್ನುವುದಕ್ಕೆ ಬಿಯಾಸ್ ಪ್ರಕರಣವೇ ಉತ್ತರ. ಹಿಮಾಚಲದ ಕುಲು ಕಣಿವೆಯಲ್ಲಿ ಒಂದು ಮೋಟೆಲ್ ಕಂಪನಿ ನದಿ ದಂಡೆಯ ಅರಣ್ಯ ಜಮೀನನ್ನು ಮೊದಲು ಒತ್ತುವರಿ ಮಾಡಿತು. ಆಮೇಲೆ ಅದೇ ಜಮೀನಿಗೆ 1993ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯದ ಒಪ್ಪಿಗೆ ಬಂತು. 1994ರ ಏಪ್ರಿಲ್‌ನಲ್ಲಿ ಗುತ್ತಿಗೆಯೂ ಆಯಿತು. ಕಾಗದವೆಲ್ಲ ಕ್ರಮವಾಗಿತ್ತು. ಹೊಳೆ ಮೋಟೆಲ್ ಕಡೆ ನುಗ್ಗಬಾರದು ಅಂತ ಬುಲ್ಡೋಜರ್ ಹಾಕಿ ನದಿಯ ಹರಿವನ್ನೇ ತಿರುಗಿಸಿದರು. ಪತ್ರಿಕೆಯ ವರದಿ ನೋಡಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಕೇಂದ್ರ ಒಪ್ಪಿದ್ದನ್ನೂ ರಾಜ್ಯ ಗುತ್ತಿಗೆ ಕೊಟ್ಟಿದ್ದನ್ನೂ ರದ್ದು ಮಾಡಿತು. ಜಾಗವನ್ನು ಮೊದಲಿನ ಸ್ಥಿತಿಗೆ ತರುವ ಖರ್ಚು ಕಂಪನಿಯ ಮೇಲೆ ಬಿತ್ತು, 2002ರಲ್ಲಿ 10 ಲಕ್ಷ ರೂಪಾಯಿ ದಂಡರೂಪದ ಪರಿಹಾರವನ್ನೂ ಕಟ್ಟಿಸಿತು. ಒಪ್ಪಿಗೆ ಪತ್ರ ಇದ್ದರೂ, ಕೊಟ್ಟವರು ಟ್ರಸ್ಟಿಯ ಹಾಗೆ ಯೋಚಿಸಿದ್ದರಾ ಅನ್ನುವ ಪ್ರಶ್ನೆ ಉಳಿಯುತ್ತದೆ.

ಕಾಡಂಚು ಅವರ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತತ್ವ ಹುಟ್ಟಿದ್ದು ನದಿ, ಕಡಲ ದಂಡೆಗಳ ಮೇಲೆ. ಅಲ್ಲಿ ಜನ ಅಂದ್ರೆ ದಾರಿಹೋಕರೆಲ್ಲ. ಕಾಡಿನಲ್ಲಿ ‘ಎಲ್ಲ ಜನ’ ಮತ್ತು ‘ಅಲ್ಲೇ ಬದುಕುವ ಜನ’ ಬೇರೆ ಬೇರೆ ಆಗಿಬಿಡುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಕಾಡನ್ನು ಕಾಯುವ ಹಕ್ಕು ಗ್ರಾಮಸಭೆಗೂ ಸಿಕ್ಕಿದೆ. ಒಡಿಶಾದ ನಿಯಮಗಿರಿಯಲ್ಲಿ ಗಣಿಗಾರಿಕೆ ಬೇಕಾ ಬೇಡವಾ ಅಂತ ಗ್ರಾಮಸಭೆಗಳನ್ನೇ ಕೇಳಿ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಕೇಳಿದ 12 ಹಳ್ಳಿಗಳೂ ಬೇಡ ಅಂದವು. ಅಲ್ಲಿ ಕಾಯುವವರ ಜಾಗಕ್ಕೆ ಫಲಾನುಭವಿಗಳೇ ಬಂದ ಹಾಗಾಯಿತು ಅಂತ ನನಗನ್ನಿಸುತ್ತದೆ.

ಕಾಡಂಚು

12 ಹಳ್ಳಿಗಳ ವಿಷಯ ಗೊತ್ತು. ನಮ್ಮ ಹಾಡಿಯಲ್ಲಿ ಸಮುದಾಯ ಹಕ್ಕಿನ ಅರ್ಜಿ ಹಾಕಿ ಒಂಬತ್ತು ವರ್ಷ ಆಯ್ತು. ಇನ್ನೂ ಉತ್ತರ ಇಲ್ಲ. ನೀವು ಹೇಳಿದ್ದು ತಪ್ಪು ಅನ್ನಲ್ಲ, ಆದರೆ ನಾನು ಒಪ್ಪಿಬಿಟ್ಟೆ ಅಂತಲೂ ಅಲ್ಲ.

ಕಡತದವನು

ಮೇಡಂ, ತಿರುಪತಿ ತೀರ್ಪನ್ನು ತೆಗೆದು ಓದಿದೆ. ಮೂರನೆಯ ಕಟ್ಟಿನ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೂ ಒಂದು ಅನುಮಾನ. ಬಿಯಾಸ್ ತೀರ್ಪಿನಲ್ಲಿ ‘ಶಾಸನ ಇಲ್ಲದಿರುವಾಗ’ ಕಾರ್ಯಾಂಗ ಹೀಗೆ ಕೈಬಿಡುವ ಹಾಗಿಲ್ಲ ಅಂತ ಇದೆ. ಅಂದ್ರೆ ನಾಳೆ ವಿಧಾನಸಭೆಯೇ ಕಾನೂನು ಮಾಡಿ ಬತ್ತಿದ ಕೆರೆಗಳನ್ನು ಕೊಡಬಹುದು ಅಂದರೆ? ಆಗ ನಮ್ಮಂಥವರು ಏನು ಮಾಡಬೇಕು?

ಶರಾವತಿ

ಆ ಸಾಲನ್ನು ಹಿಡಿದಿರಿ ನೋಡಿ, ಅದೇ ಈ ತತ್ವದ ಸಡಿಲ ಜಾಗ. ಬಹಳ ಜನ ಅದನ್ನು ಓದದೆ ದಾಟಿಬಿಡುತ್ತಾರೆ.

ಎರಡು ಕಡೆಯೂ ವಾದ ಇದೆ. ಕಾನೂನು ಬಂದರೆ ತತ್ವ ಹಿಂದೆ ಸರಿಯುತ್ತದೆ ಅಂತ ಒಂದು. ನಮ್ಮ ಕೋರ್ಟುಗಳು ಇದನ್ನು ಬದುಕುವ ಹಕ್ಕಿನ ವಿಧಿ 21ಕ್ಕೆ ಜೋಡಿಸಿವೆ, ಹಾಗಾಗಿ ಕಾನೂನನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು ಅಂತ ಇನ್ನೊಂದು. ನಾನು ಎರಡನೆಯ ಕಡೆ. ಬಿಯಾಸ್ ತೀರ್ಪು ಆಧರಿಸಿದ ಅಮೆರಿಕದ ಹಳೆಯ ಪ್ರಕರಣವೂ ಅದೇ ದಿಕ್ಕಿನದು. 1869ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆಯೇ ಕಾನೂನು ಮಾಡಿ, ಶಿಕಾಗೊ ಬಂದರಿನ ಸಾವಿರ ಎಕರೆಗೂ ಜಾಸ್ತಿ ಸರೋವರದ ತಳವನ್ನು ಒಂದು ರೈಲು ಕಂಪನಿಗೆ ಕೊಟ್ಟಿತ್ತು. ನಾಲ್ಕು ವರ್ಷಕ್ಕೆ ಮನಸ್ಸು ಬದಲಾಯಿಸಿ ವಾಪಸ್ ತೆಗೆದುಕೊಂಡಿತು. ಕಂಪನಿ ಜಗಳಕ್ಕೆ ಬಂತು. 1892ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಡೀ ಬಂದರನ್ನೇ ಹೀಗೆ ಬಿಟ್ಟುಕೊಡುವ ಅಧಿಕಾರ ಶಾಸನಸಭೆಗೂ ಇಲ್ಲ, ವಾಪಸ್ ಪಡೆದದ್ದೇ ಸರಿ ಅಂದಿತು. ಆದರೆ ಬಂದರಿಗೆ ಅನುಕೂಲವಾಗುವ ಕಟ್ಟೆ, ದಕ್ಕೆಗಳಿಗೆ ಚೂರು ಜಾಗ ಕೊಡುವುದು ಬೇರೆ ಮಾತು ಅಂತಲೂ ಹೇಳಿತು.

ಈ ಕೊನೆಯ ಮಾತು ನಿಮ್ಮ ದಿನದ ಕೆಲಸಕ್ಕೆ ಬರುತ್ತದೆ. ಕೆರೆ ಅಂಗಳದಲ್ಲಿ ತೂಬು ಕಾಯುವವನ ಕೊಠಡಿಗೆ, ನೀರು ಸರಬರಾಜಿನ ಜಾಕ್‌ವೆಲ್‌ಗೆ ಜಾಗ ಕೊಟ್ಟರೆ ಅದು ನೀರಿನ ಕೆಲಸವೇ. ಬಸ್ ನಿಲ್ದಾಣದ ಮಳಿಗೆ ಹಾಗಲ್ಲ.

ಕಡತದವನು

ಇದು ಕೆಲಸಕ್ಕೆ ಬರುವ ಗೆರೆ. ನಮ್ಮ ಟಿಪ್ಪಣಿಗಳಲ್ಲಿ ‘ಸರ್ಕಾರಿ ಜಮೀನು, ಒತ್ತುವರಿ ಇಲ್ಲ, ಸಾರ್ವಜನಿಕ ಉದ್ದೇಶ’ ಅಂತ ಮೂರು ಸಾಲು ಬರೆದು ಮೇಲೆ ಕಳಿಸುತ್ತೇವೆ. ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕೆರೆಕೋಡಿ ಅವರೇ, ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಹಾಳೆಗಳನ್ನೂ ಕೇಳಿ, ಬರೀ ಪತ್ರಗಳನ್ನಲ್ಲ. ಬೇರೆ ಜಾಗ ನೋಡಿದ್ದಾರಾ, ಕೆರೆ ಸುಪರ್ದಿಯಲ್ಲಿರುವ ಇಲಾಖೆಯ ಅಭಿಪ್ರಾಯ ಇದೆಯಾ ನೋಡಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿಯವರದು, ಕಡಿಮೆ ಇದ್ದರೆ ಜಿಲ್ಲಾ ಪಂಚಾಯಿತಿಯದು. ಅವರನ್ನು ಕೇಳದೆ ಕಂದಾಯದವರೇ ಮುಂದುವರಿದಿದ್ದರೆ ಅಲ್ಲೇ ದೊಡ್ಡ ಲೋಪ.

ಶರಾವತಿ

ಸರಿಯಾಗಿ ಹೇಳಿದಿರಿ. ಕೋರ್ಟಿನಲ್ಲಿ ನಿಲ್ಲುವುದು ಇದೇ. ‘ಈ ನಿರ್ಧಾರ ನನಗೆ ಇಷ್ಟವಿಲ್ಲ’ ಅಂದರೆ ನ್ಯಾಯಾಧೀಶರು ಅಧಿಕಾರಿಗಳ ವಿವೇಚನೆಗೆ ಬಿಡುತ್ತಾರೆ. ‘ಇವರು ಟ್ರಸ್ಟಿ, ಆದರೆ ಕಡತದಲ್ಲಿ ಎಲ್ಲೂ ನೀರನ್ನು ತೂಗಿ ನೋಡಿಲ್ಲ’ ಅಂತ ತೋರಿಸಿದರೆ ಕೇಳುತ್ತಾರೆ. ನಿರ್ಣಯದಲ್ಲಿ ಬರೀ ‘ವಿರೋಧ ಇದೆ’ ಅಂತ ಬರೆಸಬೇಡಿ. ಯಾಕೆ ಅನ್ನುವುದನ್ನು ಅಳತೆ ಸಮೇತ ಬರೆಸಿ. ಮುಂದೆ ಯಾವ ಕೋರ್ಟಿಗೆ ಹೋದರೂ ಮೊದಲ ದಾಖಲೆ ಅದೇ.

ಕೆರೆಕೋಡಿ

ಹದಿನೆಂಟು ದಿನ ಆದಮೇಲೆ ಬರೀತಿದ್ದೇನೆ, ಕ್ಷಮಿಸಿ.

ಹಳೇ ಸರಪಳಿ ಸರ್ ಹೇಳಿದ ಹಾಗೆ ಕೋಡಿ ಹತ್ತಿರ ಹೋದೆವು. ನಾನು, ನೀರುಗಂಟಿ, ಇನ್ನಿಬ್ಬರು ರೈತರು. ರೆಕ್ಕೆ ಗೋಡೆಯ ಮೇಲೆ ಹಳೆಯ ಗಾರೆಯ ಗೆರೆ ಸ್ಪಷ್ಟವಾಗಿದೆ. ಈಗಿನ ಕೋಡಿ ಅದಕ್ಕಿಂತ 55 ಸೆಂಟಿಮೀಟರ್ ಕೆಳಗಿದೆ. ನಾಲ್ಕು ಚಪ್ಪಡಿ ಹಳ್ಳದಲ್ಲೇ ಬಿದ್ದಿವೆ. ಯಾವಾಗ ಯಾರು ಕಿತ್ತರು ಅಂತ ಯಾರೂ ಬಾಯಿ ಬಿಡುತ್ತಿಲ್ಲ. ಗ್ರಾಮ ನಕಾಶೆಯಲ್ಲಿ ಕೆರೆಯ ಗಡಿ ಪ್ರಸ್ತಾವದ ಜಾಗವನ್ನೂ ದಾಟಿ ಮೇಲಕ್ಕೆ ಹೋಗುತ್ತದೆ.

ಟಿಪ್ಪಣಿ ಹಾಳೆಗಳು ಇನ್ನೂ ಕೈಗೆ ಬಂದಿಲ್ಲ.

ಮೊನ್ನೆ ಸಭೆ ಆಯಿತು. ‘ಕೆರೆ ಸರ್ಕಾರದ್ದು’ ಅಂತ ಮತ್ತೆ ಅಂದರು. ಸರ್ಕಾರ ಚಿಕ್ಕಪ್ಪನ ಹಾಗೆ ಅಂತ ಹೇಳಿದೆ. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು, “ಹಂಗಾರೆ ಮಗ ನಾವಾ?” ಅಂತ ಕೇಳಿದರು. ನಿರ್ಣಯ ಪಾಸಾಗಲಿಲ್ಲ, ಬಿದ್ದೂ ಹೋಗಲಿಲ್ಲ. ಕೋಡಿ ಅಳತೆಯ ವಿವರ ನಡಾವಳಿಗೆ ಸೇರಿತು, ವಿಷಯ ಮುಂದಿನ ಸಭೆಗೆ ಹೋಯಿತು. ಅಚ್ಚುಕಟ್ಟಿನ ಏಳು ಜನ ರೈತರು ಕೋಡಿ ಮೊದಲಿನ ಮಟ್ಟಕ್ಕೆ ಕಟ್ಟಿಸಿ ಅಂತ ಬೇರೆ ಅರ್ಜಿ ಕೊಟ್ಟಿದ್ದಾರೆ.

ಹಳೇ ಸರಪಳಿ

ಚಪ್ಪಡಿಗಳನ್ನು ಹಳ್ಳದಿಂದ ಯಾರೂ ಎತ್ತಿಕೊಂಡು ಹೋಗದ ಹಾಗೆ ನೋಡಿಕೊಳ್ಳಿ. ಪಕ್ಕದಲ್ಲಿ ಅಳತೆ ಕೋಲು ಇಟ್ಟು ಫೋಟೋ ತೆಗೆದಿಡಿ. ಅಳತೆಯನ್ನು ಇಲಾಖೆಯ ಸರ್ವೇಯರ್ ಕೈಯಲ್ಲಿ ಲೆವೆಲ್ ಹಾಕಿಸಿ ಇನ್ನೊಮ್ಮೆ ಮಾಡಿಸಿ. ಟೇಪಿನ ಅಳತೆಯನ್ನು ಮುಂದೆ ಅಲ್ಲಗಳೆಯುತ್ತಾರೆ.